ಹಪ್ಪಳ ಉಬ್ಬುವುದೇಕೆ, ಉಬ್ಬದಿರುವುದೇಕೆ?

ದಾವಣಗೆರೆಯ ಒಂದು ಮನೆ. ರಾತ್ರಿ ಎಂಟರ ಹೊತ್ತು. ತಟ್ಟೆಗೆ ಅನ್ನ, ತೊಗರಿಬೇಳೆ ಸಾರು ಬಿದ್ದಾಗಿದೆ. ಹಪ್ಪಳ ಬರುವುದೊಂದು ಬಾಕಿ. ಹೊಸದಾಗಿ ಕೊಂಡ ಮೈಕ್ರೊವೇವ್ ಒಲೆ ಗುಂಯ್ ಎನ್ನುತ್ತಾ ತಿರುಗಿ, ಗಂಟೆ ಹೊಡೆದು ನಿಂತಿತು. ಸೊಸೆ ಬಾಗಿಲು ತೆಗೆದು ನೋಡಿದರೆ ಅತ್ತೆ ಬೇಸಿಗೆಯಲ್ಲಿ ಮಾಡಿಟ್ಟ ಉದ್ದಿನ ಹಪ್ಪಳ ಹಾಕಿದಂತೆಯೇ ಕುಳಿತಿದೆ. ಅಂಚಿನಲ್ಲಿ ನಾಲ್ಕು ಗುಳ್ಳೆ, ನಡುವೆ ಒಂದು ಕಂದು ಚುಕ್ಕೆ, ಮಿಕ್ಕಿದ್ದೆಲ್ಲ ರಟ್ಟಿನ ಹಾಗೆ. ಇನ್ನೊಂದು ಹಾಕಿದರು, ಅದೂ ಹಾಗೆಯೇ. ಮೂರನೆಯದಕ್ಕೆ ಇನ್ನಷ್ಟು ಹೊತ್ತು ಕೊಟ್ಟರು. ಅದು ಉಬ್ಬಲಿಲ್ಲ, ಒಂದು ಕಡೆ ಹೊಗೆಯಾಡಿತು. ಆಮೇಲೆ ಅಂಗಡಿಯಿಂದ ತಂದ ಪೊಟ್ಟಣದ ಹಪ್ಪಳ ಇಟ್ಟರೆ ಮುಕ್ಕಾಲು ನಿಮಿಷದಲ್ಲಿ ಅದು ಹೂವಿನಂತೆ ಅರಳಿ ನಿಂತಿತು.

"ಅತ್ತೆ, ಈ ಸಲದ ಹಪ್ಪಳ ಯಾಕೋ ಕೆಟ್ಟಿದೆ. ಡಬ್ಬಿ ತುಂಬ ಇಟ್ಟುಕೊಂಡು ಏನು ಮಾಡುವುದು, ಹಸುವಿಗೆ ಹಾಕಿಬಿಡೋಣವೇ?" ಎಂದರು ಸೊಸೆ. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಅಜ್ಜಿ ಉತ್ತರ ಕೊಡಲಿಲ್ಲ. ಎಪ್ಪತ್ತು ದಾಟಿದ ಆಕೆಗೆ ಮೊಣಕಾಲು ನೋವು. ಇನ್ನೂರು ಹಪ್ಪಳದ ಹಿಟ್ಟು ಕುಟ್ಟಿ, ಲಟ್ಟಿಸಿ, ಒಣಗಿಸುವುದು ಇದೇ ಕೊನೆಯ ವರ್ಷ ಎಂದು ಬೇಸಿಗೆಯಲ್ಲೇ ಹೇಳಿದ್ದರು. ಎಣ್ಣೆಯಲ್ಲಿ ಕರಿಯೋಣವೆಂದರೆ ಅದಕ್ಕೂ ಅಡ್ಡಿ. ಅಜ್ಜನಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿ ಆರು ತಿಂಗಳಾಗಿದೆ. ಕರಿದದ್ದು ಬೇಡವೆಂದು ವೈದ್ಯರು ಹೇಳಿದ್ದಾರೆ. ಮೈಕ್ರೊವೇವ್ ಮನೆಗೆ ಬಂದದ್ದೇ ಆ ಕಾರಣಕ್ಕೆ.

ಒಂಬತ್ತನೆಯ ತರಗತಿಯ ಮೊಮ್ಮಗಳು ಎರಡು ಹಪ್ಪಳಗಳನ್ನೂ ಕೈಯಲ್ಲಿ ಹಿಡಿದು ನೋಡುತ್ತಿದ್ದಳು. ಎರಡೂ ಉದ್ದಿನವೇ. ಎರಡರಲ್ಲೂ ಮೆಣಸು, ಇಂಗು, ಉಪ್ಪು, ಹಪ್ಪಳದ ಖಾರ. ಅಗಲವೂ ಹೆಚ್ಚುಕಡಿಮೆ ಒಂದೇ. ಹಾಗಿದ್ದಮೇಲೆ ಒಂದು ಅರಳುವುದೇಕೆ, ಇನ್ನೊಂದು ಮುನಿಸಿಕೊಂಡಂತೆ ಕೂರುವುದೇಕೆ?

"ಮೊದಲು ಬೆಂಕಿಯ ಮೇಲೆ ನೋಡು ಪುಟ್ಟಿ, ಆಮೇಲೆ ಹಸುವಿನ ಮಾತು" ಎಂದು ಅಜ್ಜಿ ಎದ್ದು ಗ್ಯಾಸ್ ಒಲೆ ಹಚ್ಚಿದರು.

ಹಪ್ಪಳ ಸುಡುವುದು ನೋಡಲು ಸುಲಭ, ಮಾಡಲು ಅಲ್ಲ. ಅಜ್ಜಿ ಉರಿಯನ್ನು ಮಧ್ಯಮಕ್ಕೆ ಇಳಿಸಿ, ಹಪ್ಪಳದ ಅಂಚನ್ನು ಇಕ್ಕಳದಲ್ಲಿ ಹಿಡಿದು, ಉರಿಯ ತುದಿಗಿಂತ ಒಂದು ಬೆರಳು ಮೇಲೆ ಅದನ್ನು ಆಡಿಸತೊಡಗಿದರು. ಒಂದೇ ಕಡೆ ಎರಡು ಸೆಕೆಂಡಿಗಿಂತ ಹೆಚ್ಚು ನಿಲ್ಲಿಸಲಿಲ್ಲ. ಮೊದಲು ಅಂಚು ಸುತ್ತಲೂ ಹೋಯಿತು, ಆಮೇಲೆ ನಡುಭಾಗ, ತಕ್ಷಣ ಮಗುಚಿದರು. ಇಕ್ಕಳ ಹಿಡಿದಿದ್ದ ಜಾಗ ಹಸಿಯಾಗಿಯೇ ಉಳಿಯುತ್ತದೆ. ಅದಕ್ಕಾಗಿ ಕೊನೆಯಲ್ಲಿ ಹಿಡಿತ ಬದಲಿಸಿದರು. ಎಲ್ಲ ಸೇರಿ ಸುಮಾರು ಇಪ್ಪತ್ತು ಸೆಕೆಂಡು. ಕೆಂಡದ ಮೇಲಾದರೆ ಇದಕ್ಕೆ ಅರ್ಧ ನಿಮಿಷ ಹಿಡಿಯುತ್ತದೆ. ಕೆಂಡದ ಶಾಖ ಅಗಲವಾಗಿ ಬೀಳುವುದರಿಂದ ಹಪ್ಪಳ ಒಂದೇ ಸಮನಾಗಿ ಬೇಯುತ್ತದೆ. ಗ್ಯಾಸಿನ ನೀಲಿ ಉರಿಯ ಶಾಖ ಒಂದು ಉಂಗುರದಲ್ಲಿ ಬೀಳುವುದರಿಂದ ಕೈಯಾಡಿಸುವ ಕೆಲಸ ಹೆಚ್ಚು. ಉರಿ ಹಳದಿಯಾಗಿದ್ದರೆ ಹಪ್ಪಳಕ್ಕೆ ಮಸಿ ಹಿಡಿಯುತ್ತದೆ. ಆಗ ಹಪ್ಪಳವನ್ನು ಬಿಟ್ಟು ಒಲೆಯ ಬರ್ನರ್ ಸ್ವಚ್ಛ ಮಾಡುವುದು ಒಳ್ಳೆಯದು.

ಇಲ್ಲಿ ಮೊಮ್ಮಗಳು ಒಂದು ಸಂಗತಿ ಗಮನಿಸಿದಳು. ಹಸಿ ಹಪ್ಪಳವನ್ನು ದೀಪಕ್ಕೆ ಹಿಡಿದರೆ ಬೆಳಕು ಮಂಕಾಗಿ ತೂರಿಬರುತ್ತದೆ. ಎಣ್ಣೆ ಸವರಿದ ಕಾಗದದ ಹಾಗೆ. ಬೆಂದ ಭಾಗದಲ್ಲಿ ಬೆಳಕು ಬರುವುದಿಲ್ಲ, ಅದು ಬೆಳ್ಳಗೆ ಕಾಣುತ್ತದೆ. ಬೆಂದಿರುವುದಕ್ಕೂ ಹಸಿಯಾಗಿರುವುದಕ್ಕೂ ಇರುವ ಗುರುತು ಇದೇ. ಬೆಂಕಿಯಾಗಲಿ, ಎಣ್ಣೆಯಾಗಲಿ, ಮೈಕ್ರೊವೇವ್ ಆಗಲಿ, ಗುರುತು ಬದಲಾಗುವುದಿಲ್ಲ. ಬೆಂದ ಹಪ್ಪಳದೊಳಗೆ ಸಾವಿರಾರು ಸಣ್ಣ ಗುಳ್ಳೆಗಳಾಗಿರುತ್ತವೆ. ಒಂದೊಂದು ಗುಳ್ಳೆಯ ಗೋಡೆಯೂ ಬೆಳಕನ್ನು ಅಷ್ಟಿಷ್ಟು ಚದುರಿಸುವುದರಿಂದ ಒಟ್ಟಿನಲ್ಲಿ ಬಿಳುಪು ಕಾಣುತ್ತದೆ. ಸೋಪಿನ ನೀರಿಗೆ ಬಣ್ಣವಿಲ್ಲದಿದ್ದರೂ ನೊರೆ ಬೆಳ್ಳಗಿರುವುದಕ್ಕೆ ಇದೇ ಕಾರಣ. ಹಳದಿಯಾಗಿ, ಪಾರದರ್ಶಕದಂತೆ ಉಳಿದ ತುಂಡು ಹಲ್ಲಿಗೆ ಅಂಟುತ್ತದೆ ಎಂಬುದನ್ನು ತಿಂದವರೆಲ್ಲ ಬಲ್ಲರು.

ಅಜ್ಜಿಯ ಹಪ್ಪಳ ಉರಿಯ ಮೇಲೆ ಅರ್ಧಂಬರ್ಧ ಉಬ್ಬಿತು. ಗುಳ್ಳೆಗಳೆಲ್ಲ ಸಾಸಿವೆಯಷ್ಟು ಸಣ್ಣವು. ಕಡಿದರೆ ಗರಿಗರಿಯಾಗಿರದೆ ಗಟ್ಟಿ ಬಿಸ್ಕತ್ತಿನಂತೆ ಮುರಿಯಿತು. ಮೈಕ್ರೊವೇವಿನಲ್ಲಿ ಆದುದಕ್ಕಿಂತ ವಾಸಿ, ಅಷ್ಟೆ.

ಹಪ್ಪಳದ ಹೊಟ್ಟೆಯೊಳಗೆ ಏನಾಗುತ್ತದೆ ಎಂಬುದನ್ನು ತಿಳಿಯದೆ ಇದರ ಗುಟ್ಟು ಬಿಡಿಸಲಾಗದು. ಉದ್ದಿನ ಹಿಟ್ಟಿನಲ್ಲಿ ಇರುವುದು ಮುಖ್ಯವಾಗಿ ಪಿಷ್ಟ ಮತ್ತು ಪ್ರೋಟೀನು. ಹಿಟ್ಟು ಕಲೆಸಿ, ಕುಟ್ಟಿ, ಲಟ್ಟಿಸಿ ಒಣಗಿಸಿದ ಮೇಲೂ ಅದರಲ್ಲಿ ಸ್ವಲ್ಪ ನೀರು ಉಳಿದಿರುತ್ತದೆ. ಒಳ್ಳೆಯ ಹಪ್ಪಳದ ನೂರು ಗ್ರಾಮಿನಲ್ಲಿ ಸಾಮಾನ್ಯವಾಗಿ 12ರಿಂದ 15 ಗ್ರಾಂ ನೀರೇ. ಮುಟ್ಟಿದರೆ ಒದ್ದೆಯೆನಿಸುವುದಿಲ್ಲ, ಏಕೆಂದರೆ ಆ ನೀರು ಪಿಷ್ಟದ ಎಳೆಗಳ ನಡುವೆ ಹಂಚಿಹೋಗಿ ಅಂಟಿಕೊಂಡಿರುತ್ತದೆ. ಹಪ್ಪಳ ಬಿಸಿಯಾದಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಗಟ್ಟಿಯಾಗಿದ್ದ ಪಿಷ್ಟ ಮೆತ್ತಗಾಗಿ ರಬ್ಬರಿನಂತೆ ಎಳೆದರೆ ಬರುವ ಸ್ಥಿತಿಗೆ ಬರುತ್ತದೆ. ಅದೇ ಹೊತ್ತಿಗೆ ನೀರು ಹಬೆಯಾಗುತ್ತದೆ. ಒಂದು ಗ್ರಾಂ ನೀರು ಹಬೆಯಾದರೆ ಸುಮಾರು 1,700 ಘನ ಸೆಂಟಿಮೀಟರು ಜಾಗ ಬೇಡುತ್ತದೆ. ಒಂದು ಹಪ್ಪಳದಲ್ಲಿ ಇರುವುದೇ ಒಂದು ಗ್ರಾಮಿನ ಆಸುಪಾಸು ನೀರು. ಅದು ಮೆತ್ತಗಾದ ಪಿಷ್ಟವನ್ನು ಒಳಗಿನಿಂದ ಊದುತ್ತದೆ, ಬಲೂನು ಊದಿದಂತೆ. ನೀರು ಹೊರಟುಹೋದೊಡನೆ ಗುಳ್ಳೆಯ ಗೋಡೆ ಒಣಗಿ ಬಿಗಿಯುತ್ತದೆ. ಅರಳಿದ ಆಕಾರ ಹಾಗೆಯೇ ನಿಲ್ಲುತ್ತದೆ.

ಹಪ್ಪಳದ ಖಾರದ ಪಾತ್ರವೂ ಇದೆ. ಅದು ಮುಖ್ಯವಾಗಿ ಸೋಡಿಯಂ ಕಾರ್ಬೊನೇಟು ಮತ್ತು ಬೈಕಾರ್ಬೊನೇಟು ಇರುವ ಕ್ಷಾರ. ಬೈಕಾರ್ಬೊನೇಟು ಬಿಸಿಯಾದಾಗ ಇಂಗಾಲದ ಡೈಆಕ್ಸೈಡನ್ನು ಬಿಟ್ಟು ಉಬ್ಬಲು ಒಂದಿಷ್ಟು ನೆರವಾಗುತ್ತದೆ. ಆದರೆ ಮುಖ್ಯ ದುಡಿಮೆ ಹಬೆಯದೇ. ಖಾರ ಹೆಚ್ಚಾದರೆ ಹಪ್ಪಳ ಹೆಚ್ಚು ಉಬ್ಬೀತೆಂದು ಯಾರೂ ಆಸೆಪಡಬೇಕಾಗಿಲ್ಲ. ಅದು ಕೆಂಪಗಾಗಿ ಸೋಪಿನ ರುಚಿ ಬರುತ್ತದೆ.

ಹಾಗಾಗಿ ಹಪ್ಪಳ ಬೇಯಿಸುವುದೆಂದರೆ ಓಟದ ಪಂದ್ಯವಿದ್ದಂತೆ. ಶಾಖ ಒಳಗೆ ನುಗ್ಗುವ ವೇಗ ಒಂದು ಕಡೆ, ನೀರು ಮೇಲ್ಮೈಯಿಂದ ಸದ್ದಿಲ್ಲದೆ ಜಾರಿಹೋಗುವ ವೇಗ ಇನ್ನೊಂದು ಕಡೆ. ಶಾಖ ಗೆದ್ದರೆ ಹಬೆ ಒಮ್ಮೆಗೇ ಹುಟ್ಟಿ ಹಪ್ಪಳ ಅರಳುತ್ತದೆ. ನೀರು ಮೊದಲೇ ಜಾರಿಕೊಂಡರೆ ಉಳಿಯುವುದು ರಟ್ಟು. ಮಂದ ಉರಿಯಲ್ಲಿ, ಕಾಯದ ಎಣ್ಣೆಯಲ್ಲಿ, ತವದ ಮೇಲೆ ಹಪ್ಪಳ ಸೋಲುವುದು ಇದಕ್ಕೇ.

ಈ ಓಟದಲ್ಲಿ ಎಣ್ಣೆಯನ್ನು ಮೀರಿಸುವವರಿಲ್ಲ. ಮರುದಿನ ಭಾನುವಾರ, ಅಜ್ಜ ವಾಯುವಿಹಾರಕ್ಕೆ ಹೋದ ಹೊತ್ತು ನೋಡಿ, ಮೊಮ್ಮಗಳ ಒತ್ತಾಯಕ್ಕೆ ಅಮ್ಮ ಬಾಣಲೆ ಇಟ್ಟರು. ಹಪ್ಪಳ ಕರಿಯಲು ಎಣ್ಣೆ ಸುಮಾರು 180ರಿಂದ 190 ಡಿಗ್ರಿ ಸೆಲ್ಸಿಯಸ್ ಇರಬೇಕು. ಅಡುಗೆಮನೆಯಲ್ಲಿ ಉಷ್ಣಮಾಪಕ ಎಲ್ಲಿಂದ ತರುವುದು? ಹಪ್ಪಳದ ಚೂರೊಂದನ್ನು ಹಾಕಿದರೆ ಸಾಕು. ಅದು ತಳಕ್ಕೆ ಹೋಗಿ ಅಲ್ಲೇ ಕೂತರೆ ಎಣ್ಣೆ ಕಾದಿಲ್ಲ. ಮುಳುಗಿದ ತಕ್ಷಣ ಮೇಲೆದ್ದು ಬೆಳ್ಳಗೆ ಅರಳಿದರೆ ಸರಿಯಾಗಿದೆ. ಬಿದ್ದ ಕ್ಷಣವೇ ಕೆಂಪಾದರೆ ಉರಿ ತಗ್ಗಿಸಬೇಕು. ಸರಿಯಾದ ಎಣ್ಣೆಯಲ್ಲಿ ಒಂದು ಹಪ್ಪಳಕ್ಕೆ ಐದಾರು ಸೆಕೆಂಡು ಧಾರಾಳ: ಹಾಕಿ, ಜಾಲರಿಯಿಂದ ನಡುವೆ ಮೆಲ್ಲಗೆ ಒತ್ತಿ, ಮಗುಚಿ, ತೆಗೆದುಬಿಡಬೇಕು. ಒತ್ತದಿದ್ದರೆ ಅದು ದೊನ್ನೆಯಂತೆ ಮುದುಡಿ, ನಡುವೆ ಎಣ್ಣೆ ತುಂಬಿಕೊಂಡು ಬರುತ್ತದೆ.

ಉರಿಗಿಂತ ಎಣ್ಣೆ ಬೇಗ ಕೆಲಸ ಮಾಡುವುದೇಕೆ? ಉರಿಯ ತುದಿ ಎಣ್ಣೆಗಿಂತ ಎಷ್ಟೋ ಪಟ್ಟು ಬಿಸಿ ಎನ್ನುವುದು ನಿಜ. ಆದರೆ ಉರಿ ಎಂದರೆ ಅನಿಲ. ಅದು ಸಾಗಿಸುವ ಶಾಖ ಕಡಿಮೆ, ಒಂದು ಸಲಕ್ಕೆ ಒಂದು ಮಗ್ಗುಲಿಗೆ, ಅದರಲ್ಲೂ ಒಂದು ಭಾಗಕ್ಕೆ ಮಾತ್ರ ತಗಲುತ್ತದೆ. ಎಣ್ಣೆ ದ್ರವ. ಅದು ಹಪ್ಪಳದ ಎರಡೂ ಮೈಗೆ, ಪ್ರತಿಯೊಂದು ಮಡಿಕೆಗೂ ಒಮ್ಮೆಗೇ ಅಂಟಿಕೊಂಡು ಶಾಖ ಒಪ್ಪಿಸುತ್ತದೆ. ನೀರಿಗೆ ಜಾರಿಕೊಳ್ಳಲು ಸಮಯವೇ ಸಿಗುವುದಿಲ್ಲ. ಹೀಗಾಗಿ ಕರಿದ ಹಪ್ಪಳ ಹಸಿ ಹಪ್ಪಳಕ್ಕಿಂತ ಅಗಲವಾಗುತ್ತದೆ, ಗುಳ್ಳೆಗಳು ದೊಡ್ಡವಾಗುತ್ತವೆ, ಗೋಡೆ ತೆಳ್ಳಗಾಗಿ ಬಾಯಲ್ಲಿಟ್ಟರೆ ಪುಡಿಯಾಗುತ್ತದೆ. ಸುಟ್ಟ ಹಪ್ಪಳ ಅಷ್ಟು ಅಗಲವಾಗುವುದಿಲ್ಲ. ಅದರ ಗರಿ ಸ್ವಲ್ಪ ಒರಟು. ಆದರೆ ಅಲ್ಲಲ್ಲಿ ಕಂದಿದ ಚುಕ್ಕೆಗಳಿಂದ ಅದಕ್ಕೊಂದು ಸುಟ್ಟ ಪರಿಮಳವಿದೆ. ಸಾರನ್ನದ ಜೊತೆಗೆ ಅದೇ ಮೇಲು ಎನ್ನುವವರ ಪಕ್ಷದಲ್ಲಿ ನ್ಯಾಯವಿದೆ.

ಎಣ್ಣೆಯ ಬಗ್ಗೆ ಒಂದು ಮಾತು ಹೆಚ್ಚಿನವರಿಗೆ ಗೊತ್ತಿಲ್ಲ. ಹಪ್ಪಳ ಬಾಣಲೆಯಲ್ಲಿ ಕುದಿಯುತ್ತಿರುವಾಗ ಹಬೆ ಹೊರಗೆ ನುಗ್ಗುತ್ತಿರುವುದರಿಂದ ಎಣ್ಣೆ ಒಳಗೆ ಹೋಗುವುದು ಕಡಿಮೆ. ಹೊರತೆಗೆದ ಮೇಲೆ ಗುಳ್ಳೆಯೊಳಗಿನ ಹಬೆ ತಣ್ಣಗಾಗಿ ಕುಗ್ಗುತ್ತದೆ, ಒಳಗೆ ಒತ್ತಡ ಇಳಿಯುತ್ತದೆ, ಮೈಮೇಲಿನ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆದ್ದರಿಂದ ಬಾಣಲೆಯ ಮೇಲೆಯೇ ಎರಡು ಸಲ ಕೊಡವಿ, ತೂತಿನ ಪಾತ್ರೆಯಲ್ಲಿ ನೆಟ್ಟಗೆ ನಿಲ್ಲಿಸಬೇಕು. ಒಂದರ ಮೇಲೊಂದು ಮಲಗಿಸಿದರೆ ಕೆಳಗಿನ ಹಪ್ಪಳ ಎಲ್ಲರ ಎಣ್ಣೆಯನ್ನೂ ಕುಡಿಯುತ್ತದೆ. ಮನೆಯಲ್ಲಿ ಸಣ್ಣ ತಕ್ಕಡಿಯಿದ್ದರೆ ಹತ್ತು ಹಪ್ಪಳವನ್ನು ಮೊದಲೂ ಆಮೇಲೂ ತೂಗಿ ನೋಡಬಹುದು. ಸುಟ್ಟರೆ ತೂಕ ಇಳಿಯುತ್ತದೆ. ಕರಿದರೆ ನೀರು ಹೊರಟುಹೋಗಿದ್ದರೂ ತೂಕ ಏರುತ್ತದೆ. ಏರಿದ್ದೆಲ್ಲ ಎಣ್ಣೆಯ ಲೆಕ್ಕ.

ಅಜ್ಜಿಯ ಹಪ್ಪಳ ಎಣ್ಣೆಯಲ್ಲಿ ಮುಕ್ಕಾಲು ಪಾಲು ಅರಳಿತು. ಅಂದರೆ ಎಣ್ಣೆಯಲ್ಲಿ ಮುಕ್ಕಾಲು, ಉರಿಯಲ್ಲಿ ಅರ್ಧ, ಮೈಕ್ರೊವೇವಿನಲ್ಲಿ ಏನೇನೂ ಇಲ್ಲ. ಹಿಟ್ಟೇ ಕೆಟ್ಟಿದ್ದರೆ ಮೂರರಲ್ಲೂ ಒಂದೇ ರೀತಿ ಸೋಲಬೇಕಿತ್ತಲ್ಲವೇ? ಮೊಮ್ಮಗಳಿಗೆ ಅನುಮಾನ ಬಂದದ್ದು ಇಲ್ಲಿ. ಮೈಕ್ರೊವೇವ್ ಬೇರೆ ಎರಡಕ್ಕಿಂತ ಹೇಗೆ ಬೇರೆ ಎಂದು ತಿಳಿದರೆ ಉತ್ತರ ಸಿಕ್ಕೀತು.

ಆ ಒಲೆಯೊಳಗೆ ಉರಿಯೂ ಇಲ್ಲ, ಕಾದ ತಂತಿಯೂ ಇಲ್ಲ. ಮ್ಯಾಗ್ನೆಟ್ರಾನ್ ಎಂಬ ಕೊಳವೆ ಹೊರಡಿಸುವ ವಿದ್ಯುತ್ಕಾಂತೀಯ ಅಲೆಗಳು ಒಲೆಯ ಲೋಹದ ಗೋಡೆಗಳಿಗೆ ಬಡಿದು ಹಿಂದಿರುಗುತ್ತಾ ಒಳಗೆ ತುಂಬಿಕೊಳ್ಳುತ್ತವೆ. ಇವು ಸೆಕೆಂಡಿಗೆ 245 ಕೋಟಿ ಸಲ ಕಂಪಿಸುತ್ತವೆ. ನೀರಿನ ಅಣುವಿನ ಒಂದು ತುದಿ ಧನ, ಇನ್ನೊಂದು ಋಣ. ಅಲೆಯ ದಿಕ್ಕು ಬದಲಾದಂತೆಲ್ಲ ಅಣು ತಾನೂ ಹೊರಳಲು ನೋಡುತ್ತದೆ, ಅಕ್ಕಪಕ್ಕದ ಅಣುಗಳಿಗೆ ತಾಕುತ್ತದೆ, ಆ ತಿಕ್ಕಾಟ ಶಾಖವಾಗುತ್ತದೆ. ಮೈಕ್ರೊವೇವ್ ಆಹಾರವನ್ನು ಒಳಗಿನಿಂದ ಹೊರಗೆ ಬೇಯಿಸುತ್ತದೆ ಎಂಬ ಮಾತು ವಾಡಿಕೆಯಲ್ಲಿದೆ. ಅದು ಪೂರ್ತಿ ಸರಿಯಲ್ಲ. ಒಂದು ಮಿಲಿಮೀಟರೂ ದಪ್ಪವಿಲ್ಲದ ಹಪ್ಪಳದ ವಿಷಯದಲ್ಲಿ ಹೇಳುವುದಾದರೆ, ಎಲ್ಲೆಲ್ಲಿ ನೀರಿದೆಯೋ ಅಲ್ಲೆಲ್ಲ ಏಕಕಾಲಕ್ಕೆ ಬಿಸಿಯಾಗುತ್ತದೆ. ಸುತ್ತಲಿನ ಗಾಳಿ ಮಾತ್ರ ಬಿಸಿಯಾಗುವುದಿಲ್ಲ. ಮೈಕ್ರೊವೇವಿನ ಹಪ್ಪಳ ಬೆಳ್ಳಗೆ, ಕಂದದೆ ಇರುವುದು ಅದರಿಂದಲೇ. ಗರಿಗರಿಯಾಗಿರುತ್ತದೆ, ಸುಟ್ಟ ಪರಿಮಳವಿರುವುದಿಲ್ಲ.

ಇಂಥ ಒಲೆಯಲ್ಲಿ 800 ವಾಟಿನ ಪೂರ್ಣ ಶಕ್ತಿಗೆ ಒಂದು ಉದ್ದಿನ ಹಪ್ಪಳಕ್ಕೆ 40ರಿಂದ 50 ಸೆಕೆಂಡು ಹಿಡಿಯುತ್ತದೆ. ಅರ್ಧ ನಿಮಿಷಕ್ಕೆ ನಿಲ್ಲಿಸಿ ಮಗುಚಿ, ಆಮೇಲೆ ಹತ್ತು ಹತ್ತು ಸೆಕೆಂಡು ಕೊಟ್ಟು ನೋಡುವುದು ಕ್ಷೇಮ. ಗುಂಡಿಗೆ ಹಪ್ಪಳದ ಚಿತ್ರವಿದ್ದರೂ ಅದನ್ನು ನಂಬಬಾರದು, ಕಣ್ಣನ್ನು ನಂಬಬೇಕು. ಹೊರತೆಗೆದಾಗ ಹಪ್ಪಳ ತುಸು ಮೆತ್ತಗಿದ್ದರೆ ಗಾಬರಿಬಿದ್ದು ಮತ್ತೆ ಒಳಗಿಡುವುದು ಬೇಡ. ಬಿಸಿ ಪಿಷ್ಟ ಇನ್ನೂ ರಬ್ಬರಿನ ಸ್ಥಿತಿಯಲ್ಲಿರುತ್ತದೆ. ಅರ್ಧ ನಿಮಿಷ ಗಾಳಿಗೆ ಬಿಟ್ಟರೆ ಗಾಜಿನಂತೆ ಬಿಗಿದು, ಮುರಿದರೆ ಸದ್ದು ಮಾಡುತ್ತದೆ. ನೀರು ಮುಗಿದ ಮೇಲೂ ಒಲೆ ತಿರುಗುತ್ತಿದ್ದರೆ ಉಳಿದ ಶಾಖವೆಲ್ಲ ಯಾವುದೋ ಒಂದು ಚುಕ್ಕೆಯಲ್ಲಿ ಸೇರಿ ಅದು ಕರಕಲಾಗುತ್ತದೆ, ಹೊತ್ತಿಕೊಳ್ಳಲೂಬಹುದು. ಹಾಗಾದರೆ ಬಾಗಿಲು ತೆರೆಯಬಾರದು. ಸ್ವಿಚ್ ಆರಿಸಿ, ಬಾಗಿಲು ಮುಚ್ಚಿಯೇ ಇಡಬೇಕು. ಗಾಳಿ ಸಿಗದೆ ತಾನೇ ನಂದುತ್ತದೆ.

ಮೊದಲ ರಾತ್ರಿ ಅಂಗಡಿ ಹಪ್ಪಳ ಅರಳಿದಾಗಲೂ ಗಾಜಿನ ತಟ್ಟೆ ಸರಿಯಾಗಿ ಕೂತಿತ್ತು. ಮಾರನೆಯ ದಿನ ತಟ್ಟೆ ಗೂಟದ ಮೇಲೆ ಕೂರದೆ ನಿಂತಲ್ಲೇ ನಿಂತಿತು. ಆಗ ಬಂದ ಹಪ್ಪಳ ತಮಾಷೆಯಾಗಿತ್ತು: ಇಲ್ಲೊಂದು ಬಿಳಿ ದ್ವೀಪ, ಅಲ್ಲೊಂದು ಬಿಳಿ ದ್ವೀಪ, ನಡುವೆ ಹಸಿ ಹಪ್ಪಳ. ಒಲೆಯೊಳಗೆ ಅಲೆಗಳು ಒಂದಕ್ಕೊಂದು ಸೇರಿ ಕೆಲವು ಜಾಗದಲ್ಲಿ ಬಲಗೊಳ್ಳುತ್ತವೆ, ಕೆಲವು ಜಾಗದಲ್ಲಿ ಇಲ್ಲವಾಗುತ್ತವೆ. ಈ ಅಲೆಯ ಉದ್ದ ಸುಮಾರು 12 ಸೆಂಟಿಮೀಟರು, ಅದರ ಅರ್ಧ 6. ಆದ್ದರಿಂದ ಬಿಸಿ ಜಾಗಗಳ ನಡುವೆ ಹೆಚ್ಚುಕಡಿಮೆ ಅಷ್ಟು ಅಂತರ ಕಾಣಬಹುದು; ಗೋಡೆಗಳು ಆರು ಕಡೆಯಿಂದಲೂ ಅಲೆಯನ್ನು ತಳ್ಳುವುದರಿಂದ ಅಳತೆ ನಿಖರವಾಗಿ ಬರುವುದಿಲ್ಲ. ತಟ್ಟೆ ತಿರುಗುವುದು ಶೋಕಿಗಲ್ಲ, ಎಲ್ಲ ಭಾಗವೂ ಸರದಿಯಂತೆ ಬಿಸಿ ಜಾಗಕ್ಕೆ ಬರಲಿ ಎಂದು.

ಮೈಕ್ರೊವೇವಿನಲ್ಲಿ ಬಿಸಿಯಾಗುವುದೂ ನೀರು, ಹಬೆಯಾಗಿ ಊದುವುದೂ ಅದೇ ನೀರು. ಉರಿಗೂ ಎಣ್ಣೆಗೂ ಈ ಹಂಗಿಲ್ಲ. ಹಪ್ಪಳದಲ್ಲಿ ನೀರಿರಲಿ ಬಿಡಲಿ, ಅವು ಹೊರಗಿನಿಂದ ಶಾಖ ತುರುಕುತ್ತವೆ. ಹಾಗಾದರೆ ಮೈಕ್ರೊವೇವಿನಲ್ಲಿ ಎಲ್ಲಕ್ಕಿಂತ ಹೀನಾಯವಾಗಿ ಸೋತ ಹಪ್ಪಳದಲ್ಲಿ ಕಡಿಮೆಯಾಗಿರುವುದು ಏನು? ನೀರೇ ಇರಬೇಕು.

ಮೊಮ್ಮಗಳು ಅಂಗಡಿಯ ಹಪ್ಪಳವನ್ನು ಬಾಗಿಸಿದಳು. ಅದು ತೊಗಲಿನಂತೆ ಬಾಗಿತು. ಅಜ್ಜಿಯ ಹಪ್ಪಳವನ್ನು ಬಾಗಿಸಿದಳು. ಟಪ್ಪೆಂದು ಎರಡು ತುಂಡಾಯಿತು.

"ಅಜ್ಜಿ, ಇದು ತೀರಾ ಒಣಗಿಬಿಟ್ಟಿದೆ!"

"ಉದ್ದಿನ ಹಪ್ಪಳ ನೆರಳಲ್ಲಿ ಆರಬೇಕು ಪುಟ್ಟಿ. ಬಿಸಿಲು ತೋರಿಸಿದರೂ ಎಳೆ ಬಿಸಿಲು, ಒಂದು ಗಳಿಗೆ. ಅಕ್ಕಿ ಸಂಡಿಗೆಯ ಹಾಗೆ ಬಿಸಿಲಲ್ಲಿ ಕಾಯಿಸಬಾರದು" ಎಂದರು ಅಜ್ಜಿ.

ಹುಡುಗಿ ಸುಮ್ಮನಾದಳು. ಏಪ್ರಿಲ್ ರಜೆಯಲ್ಲಿ ಅಜ್ಜಿಗೆ ಮಾಳಿಗೆ ಹತ್ತಲಾಗದೆ ಹಪ್ಪಳದ ಚಾಪೆಯನ್ನು ಮೇಲೆ ಹಾಸಿದವಳು ಅವಳೇ. ಬೇಗ ಒಣಗಲಿ ಎಂದು ನೆರಳಿನಿಂದ ಬಿಸಿಲಿಗೆ ಎಳೆದವಳೂ ಅವಳೇ. ಆಮೇಲೆ ಗೆಳತಿಯ ಮನೆಗೆ ಹೋಗಿ ಮರೆತಿದ್ದಳು. ಎರಡು ದಿನ ಆ ಹಪ್ಪಳ ದಾವಣಗೆರೆಯ ಬೇಸಿಗೆಯ ಬಿಸಿಲಲ್ಲಿ ಕಾದಿತ್ತು. ಸಂಜೆ ಎತ್ತಿ ಡಬ್ಬಿಗೆ ತುಂಬಿದಾಗ ಕೆಲವು ಅಂಚು ಸುರುಳಿಯಾಗಿ ಮುರಿದಿದ್ದೂ ಈಗ ನೆನಪಿಗೆ ಬಂತು. ಅವಳು ಎಲ್ಲವನ್ನೂ ಹೇಳಿಬಿಟ್ಟಳು. "ನನಗೆ ಗೊತ್ತಿತ್ತು, ಚಾಪೆ ಇದ್ದ ಕಡೆ ಇರಲಿಲ್ಲ" ಎಂದಷ್ಟೇ ಹೇಳಿ ಅಜ್ಜಿ ಕಾಫಿ ಲೋಟ ಎತ್ತಿಕೊಂಡರು.

ಕಳೆದುಹೋದ ನೀರನ್ನು ಹಿಂದಕ್ಕೆ ಕೊಡಲಾಗದೇ? ನೀರು ಚಿಮುಕಿಸಿದರೆ ಮೇಲ್ಮೈ ಅಂಟಂಟಾಗಿ ಹಪ್ಪಳ ಒಂದಕ್ಕೊಂದು ಹಿಡಿಯುತ್ತದೆ, ಒಳಗೆ ಹಾಗೆಯೇ ಒಣಗಿರುತ್ತದೆ. ನೀರು ಆವಿಯಾಗಿಯೇ ಹೋಗಬೇಕು, ನಿಧಾನವಾಗಿ. ಮೊಮ್ಮಗಳು ಹತ್ತು ಹಪ್ಪಳ ತೂಗಿದಳು: 94 ಗ್ರಾಂ. ಅಗಲ ಬಾಯಿಯ ಡಬ್ಬಿಯ ತಳದಲ್ಲಿ ಬಟ್ಟಲಿಟ್ಟು, ಅದರಲ್ಲಿ ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಬಟ್ಟೆ ಇಟ್ಟಳು. ಬಟ್ಟೆ ತಗಲದಂತೆ ಮೇಲೊಂದು ತೂತಿನ ತಟ್ಟೆ, ಅದರ ಮೇಲೆ ಹಪ್ಪಳಗಳನ್ನು ಒಂದಕ್ಕೊಂದು ಓರೆಯಾಗಿ ನಿಲ್ಲಿಸಿ, ಮುಚ್ಚಳ ಹಾಕಿದಳು. ರಾತ್ರಿ ಒಂಬತ್ತಕ್ಕೆ ಇಟ್ಟದ್ದನ್ನು ಬೆಳಿಗ್ಗೆ ಏಳಕ್ಕೆ ತೆಗೆದು ತೂಗಿದರೆ 101 ಗ್ರಾಂ. ಏಳು ಗ್ರಾಂ ನೀರು ಹಿಂದಿರುಗಿತ್ತು. ಬಾಗಿಸಿದರೆ ಹಪ್ಪಳ ಮುರಿಯದೆ ಬಾಗಿತು. ಆದರೂ ಅವಳು ತಕ್ಷಣ ಬೇಯಿಸಲಿಲ್ಲ. ಅಂಚಿಗೆ ಸೇರಿದ ತೇವ ನಡುವಿನವರೆಗೂ ಹಂಚಿಹೋಗಲಿ ಎಂದು ಬಟ್ಟೆ ತೆಗೆದು, ಮುಚ್ಚಿದ ಡಬ್ಬಿಯಲ್ಲಿ ಸಂಜೆಯವರೆಗೆ ಬಿಟ್ಟಳು.

ಸಂಜೆ ಮೈಕ್ರೊವೇವಿನಲ್ಲಿ ಅದೇ ಡಬ್ಬಿಯ ಹಪ್ಪಳ 45 ಸೆಕೆಂಡಿಗೆ ಅಂಚಿನಿಂದ ನಡುವಿನವರೆಗೆ ಬೆಳ್ಳಗೆ ಅರಳಿತು. ಉರಿಯ ಮೇಲೆ ಹದಿನೆಂಟು ಸೆಕೆಂಡಿಗೆ ಬಟಾಣಿಯಷ್ಟು ದಪ್ಪ ಗುಳ್ಳೆ ಎದ್ದವು. ಸೊಸೆ ಒಂದು ಚೂರು ಬಾಯಿಗೆ ಹಾಕಿಕೊಂಡು, "ಅತ್ತೆ, ಹಸುವಿನ ಮಾತು ಆಡಿದ್ದನ್ನು ಮರೆತುಬಿಡಿ" ಎಂದರು.

ಈ ಉಪಾಯಕ್ಕೂ ಮಿತಿಯಿದೆ. ಒಂದೆರಡು ದಿನಕ್ಕೆ ಬೇಕಾದಷ್ಟನ್ನು ಮಾತ್ರ ಹೀಗೆ ತೇವಕ್ಕಿಡಬೇಕು. ಎಲ್ಲ ಇನ್ನೂರನ್ನೂ ಇಟ್ಟರೆ ವಾರದೊಳಗೆ ಬೂಷ್ಟು ಹಿಡಿದೀತು. ರಾತ್ರಿಯೆಲ್ಲ ಇಟ್ಟು ಮರೆತು ಎರಡು ದಿನ ಬಿಟ್ಟರೆ ಹಪ್ಪಳ ಒದ್ದೆಯಾಗುತ್ತದೆ. ಅತಿ ತೇವದ ಹಪ್ಪಳವೂ ಉಬ್ಬುವುದಿಲ್ಲ. ಅದರ ಗುಳ್ಳೆ ಎದ್ದರೂ ಗೋಡೆ ಒಣಗುವ ಮೊದಲೇ ಕುಸಿದು ಹಪ್ಪಳ ತೊಗಲಿನಂತಾಗುತ್ತದೆ. ಮಳೆಗಾಲದಲ್ಲಿ ಮಲೆನಾಡಿನವರಿಗೆ ಎದುರಾಗುವ ತೊಂದರೆ ಇದು. ಅವರಿಗೆ ಬೇಕಾದದ್ದು ಒದ್ದೆ ಬಟ್ಟೆಯಲ್ಲ, ಬಿಗಿ ಮುಚ್ಚಳ.

ಇನ್ನು ಅಜ್ಜನ ವಿಷಯ. ಮೈಕ್ರೊವೇವಿನಲ್ಲಿ ಬೇಯಿಸಿದ್ದರಿಂದ ಎಣ್ಣೆ ತಪ್ಪಿತು, ನಿಜ. ಉಪ್ಪು ಎಲ್ಲೂ ಹೋಗಲಿಲ್ಲ. ನೀರು ಆವಿಯಾಗಿ ಹೋಗುತ್ತದೆ; ಉಪ್ಪು ಆವಿಯಾಗುವುದಿಲ್ಲ. ಹಪ್ಪಳದ ಖಾರದಲ್ಲಿರುವ ಸೋಡಿಯಂ ಕೂಡ ಹಾಗೆಯೇ ಉಳಿಯುತ್ತದೆ. ಸುಟ್ಟರೂ, ಕರಿದರೂ, ಅಲೆಗಳಲ್ಲಿ ಬೇಯಿಸಿದರೂ ಒಂದು ಹಪ್ಪಳದ ಉಪ್ಪು ಒಂದು ಹಪ್ಪಳದ ಉಪ್ಪೇ. ರಕ್ತದೊತ್ತಡ ಇರುವವರು 'ಎಣ್ಣೆಯಿಲ್ಲದ ಹಪ್ಪಳ' ಎಂದು ನಾಲ್ಕು ತಿಂದರೆ ಲೆಕ್ಕ ತಪ್ಪುತ್ತದೆ. ಮೊಮ್ಮಗಳು ಇದನ್ನು ಹೇಳಿದಾಗ ಅಜ್ಜನಿಗೆ ಹಿಡಿಸಲಿಲ್ಲ. ಮುಂದಿನ ಸಲ ವೈದ್ಯರನ್ನು ಕೇಳಿದರೆ ಅವರೂ ಅದನ್ನೇ ಹೇಳಿದರು: ವಾರಕ್ಕೆ ಒಂದೆರಡು ದಿನ, ಅರ್ಧ ಹಪ್ಪಳ, ಅಂದು ಉಪ್ಪಿನಕಾಯಿ ಬೇಡ.

ಅಂದಿನಿಂದ ಗುರುವಾರ, ಭಾನುವಾರ ರಾತ್ರಿ ಅಜ್ಜಿ ಒಂದು ಹಪ್ಪಳ ಸುಡುತ್ತಾರೆ. ಮೈಕ್ರೊವೇವಿನದು ಅಜ್ಜನಿಗೆ ಸೇರದು. ಕಂದಿದ ಚುಕ್ಕೆ ಇಲ್ಲದೆ ಅದು ಹಪ್ಪಳವೇ ಅಲ್ಲವಂತೆ. ನಡುವೆ ಮುರಿದು ಅರ್ಧ ಅವರ ತಟ್ಟೆಗೆ, ಇನ್ನರ್ಧ ಮೊಮ್ಮಗಳಿಗೆ.